ನಾಲ್ಕನೇ ದಿನದ ಸೂರ್ಯ

ಪ್ರಿಯ ಸಂಜೀವ,

ಆಶೀರ್ವಾದಗಳು. ಆದಿಕಾಂಡ ಒಂದನೇ ಅಧ್ಯಾಯದ ಮೇಲೆ ನೀನು ಬರೆದ ಪ್ರಸಂಗ ಓದಿದೆ. ಭಾನುವಾರದ ಆರಾಧನೆಯಲ್ಲಿ ದೊಡ್ಡವರ ಮುಂದೆ ಅದು ಚೆನ್ನಾಗಿಯೇ ನಡೆದಿರುತ್ತದೆ. ಆದರೆ ಅದನ್ನೇ ಸ್ವಲ್ಪ ಮೊಟಕು ಮಾಡಿ, ಎರಡು ತಮಾಷೆ ಸೇರಿಸಿ ಯೌವನಸ್ಥರ ಕೂಟದಲ್ಲಿ ಹೇಳಿಬಿಡುತ್ತೇನೆ ಎಂದಿದ್ದೀಯಲ್ಲ, ಅದು ಬೇಡ. ಪ್ರಸಂಗ ಉದ್ದವಾದರೆ ಆ ವಯಸ್ಸಿನವರು ಹೇಗೋ ಸಹಿಸಿಕೊಳ್ಳುತ್ತಾರೆ. ತಮ್ಮ ತಲೆಯಲ್ಲಿ ಕೊರೆಯುತ್ತಿರುವುದನ್ನು ಯಾರೂ ಮುಟ್ಟದೆ ಹೋದರೆ ಮಾತ್ರ ಮುಂದಿನ ವಾರ ಬರುವುದಿಲ್ಲ.

ಮೊದಲು ತೆಗೆಯಬೇಕಾದ್ದನ್ನು ಹೇಳುತ್ತೇನೆ. ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನವನ್ನು ನಾಸಾದ ಕಂಪ್ಯೂಟರ್‌ಗಳು ಲೆಕ್ಕದಲ್ಲಿ ಕಂಡುಹಿಡಿದವು ಎಂಬ ಕಥೆಯನ್ನು ನೀನು ಮೂರನೇ ಪುಟದಲ್ಲಿ ಹಾಕಿದ್ದೀಯ. ಅದು ಸುಳ್ಳು. ವಿದ್ಯಾರ್ಥಿಯಾಗಿದ್ದ ಐನ್‌ಸ್ಟೀನ್ ನಾಸ್ತಿಕ ಪ್ರೊಫೆಸರರ ಬಾಯಿ ಮುಚ್ಚಿಸಿದ ಎನ್ನುವುದೂ ಅದೇ ಜಾತಿಯ ಕಟ್ಟುಕಥೆ. ದೊಡ್ಡವರು ಇಂಥವನ್ನು ಕೇಳಿ ತಲೆದೂಗುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಮೊಬೈಲಿನಲ್ಲಿ ಹುಡುಕಿ, ನೀನು ಮುಂದಿನ ವಾಕ್ಯಕ್ಕೆ ಬರುವಷ್ಟರಲ್ಲಿ ಪಕ್ಕದವಳಿಗೆ ತೋರಿಸಿರುತ್ತಾಳೆ. ಆಮೇಲೆ ನೀನು ಪುನರುತ್ಥಾನದ ಬಗ್ಗೆ ಎಷ್ಟು ಮನಸ್ಸಿಟ್ಟು ಮಾತಾಡಿದರೂ ಅದೂ ಆ ಸಾಲಿಗೇ ಸೇರುತ್ತದೆ. ಇದು ನನ್ನ ಸ್ವಂತ ಬುದ್ಧಿಯಲ್ಲ. ಆಕಾಶ, ನಕ್ಷತ್ರ, ಗ್ರಹಣಗಳ ವಿಷಯ ಬಲ್ಲವನ ಮುಂದೆ ಕ್ರೈಸ್ತನೊಬ್ಬ ಅವುಗಳ ಬಗ್ಗೆ ಬಾಯಿಗೆ ಬಂದದ್ದು ಹೇಳಿದರೆ, ಕೇಳಿದವನು ನಮ್ಮ ಗ್ರಂಥವನ್ನು ಪುನರುತ್ಥಾನದ ವಿಷಯದಲ್ಲಿ ನಂಬುವುದಾದರೂ ಹೇಗೆ ಎಂದು ಆಗಸ್ಟಿನ್ 5ನೇ ಶತಮಾನದಲ್ಲೇ ಗದರಿದ್ದಾನೆ.

ಕಣ್ಣಿನ ಉದಾಹರಣೆಯನ್ನೂ ತೆಗೆ. ‘ಕಣ್ಣು ಇಷ್ಟು ಜಟಿಲವಾಗಿದೆ, ಇದು ಹೇಗೆ ಬಂತೆಂದು ವಿಜ್ಞಾನಿಗಳಿಗೂ ಗೊತ್ತಿಲ್ಲ, ಆದ್ದರಿಂದ ದೇವರು’ ಎಂದು ಬರೆದಿದ್ದೀಯ. ಬೆಳಕು ನೆರಳು ಮಾತ್ರ ತಿಳಿಯುವ ಜೀವಕೋಶಗಳ ಮಚ್ಚೆ ಕೆಲವು ಜೀವಿಗಳಲ್ಲಿದೆ. ಇನ್ನು ಕೆಲವದರಲ್ಲಿ ಆ ಮಚ್ಚೆ ಬಟ್ಟಲಿನಂತೆ ಒಳಗೆ ಬಾಗಿದೆ. ನಾಟಿಲಸ್ ಎಂಬ ಸಮುದ್ರಜೀವಿಗೆ ಮಸೂರವೇ ಇಲ್ಲದ, ಬರೀ ಸಣ್ಣ ರಂಧ್ರದ ಕಣ್ಣಿದೆ. ನಡುವಿನ ಹಂತಗಳು ಹೀಗೆ ಇಂದಿಗೂ ಜೀವಂತವಾಗಿ ಓಡಾಡುತ್ತಿವೆ, ಜೀವಶಾಸ್ತ್ರ ಓದುವ ಮಕ್ಕಳಿಗೆ ಇದು ಗೊತ್ತು. ವಿಜ್ಞಾನಕ್ಕೆ ತಿಳಿಯದ ಜಾಗದಲ್ಲೆಲ್ಲ ದೇವರನ್ನು ಕೂರಿಸಿದರೆ, ಆ ಜಾಗ ತಿಳಿದ ದಿನ ದೇವರನ್ನು ಎಬ್ಬಿಸಬೇಕಾಗುತ್ತದೆ. ‘ವಿಕಾಸವಾದ ಬರೀ ಒಂದು ವಾದ ತಾನೇ’ ಎಂಬ ಸಾಲಿಗೂ ಗೀಟು ಎಳೆ. ವಿಜ್ಞಾನದಲ್ಲಿ ವಾದವೆಂದರೆ ಊಹೆಯಲ್ಲ, ಪುರಾವೆಗಳನ್ನು ಕೂಡಿಸಿ ಕಟ್ಟಿದ ವಿವರಣೆ ಎಂದು ಅವರ ಪಾಠದಲ್ಲೇ ಇರುತ್ತದೆ.

ಈಗ ಪ್ರಶ್ನೆಗಳ ವಿಷಯ. ಕೂಟಕ್ಕೆ ಒಂದು ವಾರ ಮುಂಚೆ ಎಲ್ಲರಿಗೂ ಚೀಟಿ ಕೊಟ್ಟು, ಹೆಸರಿಲ್ಲದೆ ಬರೆಸಿದೆಯಂತೆ. ಒಳ್ಳೆಯ ಕೆಲಸ. ಆದರೆ ನನಗೆ ಕಳಿಸಿದ ಪಟ್ಟಿಯಲ್ಲಿ ಅವರ ಭಾಷೆಯನ್ನೆಲ್ಲ ತಿದ್ದಿಬಿಟ್ಟಿದ್ದೀಯ. ‘ಸೃಷ್ಟಿಯ ದಿನಗಳ ಸ್ವರೂಪವೇನು?’ ಎಂದು ಹದಿನೈದರ ಹುಡುಗ ಕೇಳುವುದಿಲ್ಲ. ಅವನು ಬರೆದದ್ದು ನೀನೇ ಕೆಳಗೆ ಕೊಟ್ಟಿರುವಂತೆ ‘ಸೂರ್ಯನೇ ನಾಲ್ಕನೇ ದಿನ ಹುಟ್ಟಿದ್ರೆ ಮೊದಲ ಮೂರು ದಿನ ಯಾರು ಎಣಿಸಿದ್ರು?’ ಅದನ್ನು ಹಾಗೇ ಓದಿ ಹೇಳು. ತನ್ನ ಮಾತು ತನ್ನ ದನಿಯಲ್ಲೇ ಪುಲ್ಪಿಟ್‌ನಿಂದ ಕೇಳಿದ ಹುಡುಗ ಮುಂದಿನ ಹತ್ತು ನಿಮಿಷ ಎಲ್ಲೂ ಹೋಗುವುದಿಲ್ಲ.

ಚೀಟಿಗಳಲ್ಲಿ ಡೈನೋಸಾರ್ ಇದೆ, ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಎಂಬುದಿದೆ, ವಿಕಾಸವಾದವನ್ನು ಪರೀಕ್ಷೆಯಲ್ಲಿ ಬರೆದರೆ ಪಾಪವಾ ಎಂಬುದಿದೆ. ಎಲ್ಲಕ್ಕೂ ಒಂದೇ ಪ್ರಸಂಗದಲ್ಲಿ ಉತ್ತರ ಕೊಡಲು ಹೋದರೆ ಯಾವುದಕ್ಕೂ ಕೊಟ್ಟಂತಾಗುವುದಿಲ್ಲ. ಸೂರ್ಯನ ಪ್ರಶ್ನೆಯೊಂದನ್ನೇ ಹಿಡಿ. ಅದು ವೇದಭಾಗದ ಒಳಗಿನಿಂದಲೇ ಎದ್ದ ಪ್ರಶ್ನೆ, ಓದಿದವನು ಮಾತ್ರ ಕೇಳಬಲ್ಲದ್ದು.

ಅವರನ್ನು ಹೀಗೆ ಒಳಗೆ ಕರೆದುಕೊಂಡು ಹೋಗು. ಚೀಟಿ ಓದಿದ ಮೇಲೆ, ಇದನ್ನು ಕೇಳಿದವರಲ್ಲಿ ನೀವು ಮೊದಲಿಗರಲ್ಲ ಎಂದು ಹೇಳು. 3ನೇ ಶತಮಾನದಲ್ಲಿ ಒರಿಜೆನ್ ಎಂಬ ಸಭೆಯ ಪಂಡಿತ, ಸೂರ್ಯ ಚಂದ್ರ ನಕ್ಷತ್ರಗಳಿಲ್ಲದೆ ಮೂರು ದಿನ ಸಾಯಂಕಾಲವೂ ಪ್ರಾತಃಕಾಲವೂ ಆದವೆಂದು ಬುದ್ಧಿಯಿರುವ ಯಾರು ತಾನೇ ತಿಳಿದಾರು ಎಂದು ಕೇಳಿದ. ಆಗಸ್ಟಿನ್ ಈ ದಿನಗಳ ಬಗ್ಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ದೇವರು ಎಲ್ಲವನ್ನೂ ಒಮ್ಮೆಗೇ ಉಂಟುಮಾಡಿದ, ದಿನಗಳು ನಮ್ಮ ತಿಳಿವಳಿಕೆಗಾಗಿ ಇಟ್ಟ ಕ್ರಮ ಎಂಬ ಕಡೆಗೆ ವಾಲಿದ. ಡಾರ್ವಿನ್ ಹುಟ್ಟಿದ್ದು 1809ರಲ್ಲಿ. ವಿಜ್ಞಾನಕ್ಕೆ ಹೆದರಿ ನಮ್ಮವರು ಈಗ ಅರ್ಥ ಬದಲಿಸುತ್ತಿದ್ದಾರೆ ಎಂಬ ಸಂಶಯ ಮಕ್ಕಳಿಗಿರುತ್ತದೆ, ಈ ಇಸವಿಗಳನ್ನು ಕೇಳಿದರೆ ಅದು ತಾನಾಗಿ ಸಡಿಲುತ್ತದೆ.

ಆಮೇಲೆ ನೀನು ಮಾತು ನಿಲ್ಲಿಸಿ, ಅವರ ಕೈಗೆ ಹಾಳೆ ಕೊಡು. ಉದ್ದಕ್ಕೆ ಎರಡು ಕಾಲಂ. ಎಡಗಡೆ ಮೊದಲ ಮೂರು ದಿನ, ಬಲಗಡೆ ಕೊನೆಯ ಮೂರು ದಿನ. ಸತ್ಯವೇದ ತೆರೆದು ಯಾವ ದಿನ ಏನಾಯಿತೆಂದು ಅವರೇ ತುಂಬಲಿ. ಒಂದನೇ ದಿನ ಬೆಳಕು ಮತ್ತು ಕತ್ತಲೆ, ಅದರ ಎದುರಿಗೆ ನಾಲ್ಕನೇ ದಿನ ಹಗಲು ಇರುಳನ್ನು ಆಳುವ ದೀಪಗಳು. ಎರಡನೇ ದಿನ ಆಕಾಶ ಮತ್ತು ನೀರು, ಎದುರಿಗೆ ಐದನೇ ದಿನ ಪಕ್ಷಿಗಳು ಮತ್ತು ಜಲಚರಗಳು. ಮೂರನೇ ದಿನ ಒಣನೆಲ ಮತ್ತು ಸಸ್ಯಗಳು, ಎದುರಿಗೆ ಆರನೇ ದಿನ ಪ್ರಾಣಿಗಳು ಮತ್ತು ಮನುಷ್ಯರು. ಮೊದಲು ಸ್ಥಳ, ಆಮೇಲೆ ಅಲ್ಲಿ ಇರುವವರು. ಇದನ್ನು ನೀನು ಹೇಳಿಬಿಡಬೇಡ, ಐದು ನಿಮಿಷ ಕಾದರೆ ಯಾರಾದರೂ ಒಬ್ಬರು ‘ಅಯ್ಯೋ, ಜೋಡಿ ಜೋಡಿ ಇದೆ’ ಎಂದು ಕೂಗುತ್ತಾರೆ. ಅವಸರಪಟ್ಟು ಆ ಕೂಗನ್ನು ಅವರಿಂದ ಕಿತ್ತುಕೊಳ್ಳಬೇಡ.

ಜೋಡಿ ಕಂಡ ಮೇಲೆ ‘ಹಾಗಾದರೆ ಸೂರ್ಯನನ್ನು ಯಾಕಿಷ್ಟು ತಡವಾಗಿ ಇಟ್ಟಿದ್ದಾರೆ?’ ಎಂದು ಅವರನ್ನೇ ಕೇಳು. ಕ್ರಿ.ಪೂ. 586ರಲ್ಲಿ ಯೆರೂಸಲೇಮು ಬಿದ್ದು, ಜನ ಬಾಬೆಲಿಗೆ ಸೆರೆಹೋದರು. ಈ ಅಧ್ಯಾಯ ಈಗಿನ ರೂಪಕ್ಕೆ ಬಂದದ್ದು ಆ ಕಾಲದ ಆಸುಪಾಸಿನಲ್ಲಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಬಾಬೆಲಿನಲ್ಲಿ ಸೂರ್ಯ ದೇವರು, ಚಂದ್ರ ದೇವರು, ನಕ್ಷತ್ರಗಳು ಮನುಷ್ಯರ ಹಣೆಬರಹ ಬರೆಯುವವು. ಅಂಥ ಕಡೆ ಸೋತು ಕೂತ ಜನ, ಸೂರ್ಯನಿಲ್ಲದೆಯೇ ಬೆಳಕಾಯಿತು, ಸೂರ್ಯನಿಲ್ಲದೆಯೇ ಗಿಡ ಚಿಗುರಿತು ಎಂದು ಓದುತ್ತಾರೆ. ಗೆದ್ದವರ ದೊಡ್ಡ ದೇವರನ್ನು ತೂಗುದೀಪ ಮಾಡಿ ನಾಲ್ಕನೇ ದಿನಕ್ಕೆ ತಳ್ಳಿದ್ದಾರೆ. ನಕ್ಷತ್ರಗಳಿಗಂತೂ ಅರ್ಧ ಸಾಲು. ಮಕ್ಕಳಿಗೆ ಇದರ ಕೆಚ್ಚು ತಕ್ಷಣ ಹತ್ತುತ್ತದೆ. ಹುಡುಗ ಕೇಳಿದ ತೊಡಕೇ ಬರೆದವರ ಮುಖ್ಯ ಮಾತು ಎಂದು ತೋರಿಸಿದರೆ, ಪ್ರಸಂಗದ ಬೆನ್ನೆಲುಬು ಸಿಕ್ಕಿತು.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ‘ಒಂದು ದಿನ ಅಂದರೆ ಕೋಟ್ಯಂತರ ವರ್ಷದ ಒಂದು ಯುಗ’ ಎಂದು ಸರಿಹೊಂದಿಸುವುದು. ಕೇಳಲು ಸುಲಭ, ಆದರೆ ಕ್ರಮ ಕೂಡುವುದಿಲ್ಲ. ಅಧ್ಯಾಯದಲ್ಲಿ ಹಣ್ಣಿನ ಮರಗಳು ಮೀನಿಗಿಂತ ಮೊದಲು, ಪಕ್ಷಿಗಳು ನೆಲದ ಪ್ರಾಣಿಗಳಿಗಿಂತ ಮೊದಲು. ಪಳೆಯುಳಿಕೆಗಳಲ್ಲಿ ಅದು ತಿರುವುಮುರುವು. ಚುರುಕಾದ ಹುಡುಗ ಇದನ್ನು ಹಿಡಿದೇ ಹಿಡಿಯುತ್ತಾನೆ. ಎರಡನೆಯದು, ‘ಬೆಳಕಾಗಲಿ’ ಎಂದದ್ದೇ ಮಹಾಸ್ಫೋಟ ಎನ್ನುವುದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ, ಆಮೇಲೆ ಅದರ ಆರಂಭದ ಬಗ್ಗೆ ‘ಆದಿಪರಮಾಣು’ವಿನ ಕಲ್ಪನೆ ಕೊಟ್ಟ ಜಾರ್ಜ್ ಲೆಮೇತ್ರ್ ಸ್ವತಃ ಕಥೋಲಿಕ ಗುರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಆ ಮಾತನ್ನು ಸೃಷ್ಟಿಗೆ ಜೋಡಿಸಿ ಭಾಷಣ ಮಾಡಿದಾಗ ಲೆಮೇತ್ರ್‌ಗೆ ಅದು ಹಿಡಿಸಲಿಲ್ಲ. ನನ್ನ ಸಿದ್ಧಾಂತ ನಂಬುವವನಿಗೂ ನಂಬದವನಿಗೂ ಒಂದೇ ಎಂಬುದು ಅವರ ನಿಲುವು. ವಿಜ್ಞಾನಿ ಬೇರೆ, ಭಕ್ತ ಬೇರೆ ಆಗಲೇಬೇಕೆಂದು ತಿಳಿದ ಮಕ್ಕಳಿಗೆ ಈ ಮನುಷ್ಯನ ವಿಷಯ ಹೇಳು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂಬುದನ್ನೂ ಅಳುಕದೆ ಹೇಳು. ಪರೀಕ್ಷೆಯ ಪಾಪದ ಚೀಟಿಗೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಇನ್ನೊಂದು. ಆರು ದಿನವೆಂದರೆ ಇಪ್ಪತ್ತನಾಲ್ಕು ಗಂಟೆಯ ಆರು ದಿನಗಳೇ ಎಂದು ನಂಬುವ ಹಿರಿಯರು ನಿನ್ನ ಸಭೆಯಲ್ಲಿದ್ದಾರೆ, ಆ ಮಕ್ಕಳ ತಂದೆತಾಯಿಗಳಲ್ಲೂ ಇರುತ್ತಾರೆ. ಅವರನ್ನು ನಗೆಪಾಟಲು ಮಾಡಿ ಮಕ್ಕಳ ಚಪ್ಪಾಳೆ ಗಿಟ್ಟಿಸಬೇಡ. ನಂಬುವವರಲ್ಲೇ ಈ ಅಧ್ಯಾಯವನ್ನು ಹಾಗೆ ಓದುವವರೂ ಇದ್ದಾರೆ, ಹೀಗೆ ಓದುವವರೂ ಇದ್ದಾರೆ, ನಾನು ಓದುವುದು ಹೀಗೆ, ಕಾರಣ ಇದು ಎಂದು ಬಿಚ್ಚಿ ಹೇಳು. ಕೂಟಕ್ಕೆ ಮುಂಚೆ ನಿನ್ನ ಹಿರಿಯ ಅಯ್ಯನವರ ಹತ್ತಿರ ಕೂತು ಹಾಳೆ ತೋರಿಸಿಬಿಡು. ಆಮೇಲೆ ಕಿವಿಗೆ ಬೀಳುವುದಕ್ಕಿಂತ ಮೊದಲೇ ಬೀಳುವುದು ಒಳ್ಳೆಯದು.

ಪಟ್ಟಿಯ ಕೊನೆಯ ಚೀಟಿಯನ್ನು ಮಾತ್ರ ಪುಲ್ಪಿಟ್‌ನಿಂದ ಓದಬೇಡ. ‘ಅಷ್ಟು ಪ್ರಾರ್ಥನೆ ಮಾಡಿದ್ರೂ ಅಮ್ಮ ಉಳಿಲಿಲ್ಲ, ಪ್ರಾರ್ಥನೆ ಕೆಲಸ ಮಾಡುತ್ತೆ ಅಂತ ಪ್ರೂವ್ ಮಾಡಿ.’ ಇದರಲ್ಲಿ ಪ್ರೂಫ್ ಎಂಬ ಮಾತಿದೆ ಎಂದು ನೀನು ವಿಜ್ಞಾನದ ಪ್ರಶ್ನೆಗಳ ಗುಂಪಿಗೆ ಹಾಕಿದ್ದೀಯ. ತಾಯಿ ಕಳೆದುಕೊಂಡ ಮಗು ಯಾರೆಂದು ಅಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ, ಚೀಟಿಯಲ್ಲಿ ಹೆಸರು ಇಲ್ಲದಿದ್ದರೇನು. ಆ ಮಗುವಿನ ಜೊತೆ ಬೇರೆ ದಿನ ಕೂತು ಮಾತಾಡು. ಮಾತಾಡುವುದಕ್ಕಿಂತ ಹೆಚ್ಚು ಕೇಳು. ವಾದಕ್ಕೆ ಇಳಿಯಬೇಡ, ದೇವರ ಚಿತ್ತ ಎಂದು ಒಂದೇ ಮಾತಿನಲ್ಲಿ ಮುಗಿಸಲೂ ಬೇಡ. ಯಾವ ಪ್ರಶ್ನೆಯ ಹಿಂದೆ ಗಾಯವಿದೆ ಎಂದು ತಿಳಿಯಲು ದೊಡ್ಡ ಉಪಾಯವೇನಿಲ್ಲ: ಉತ್ತರ ಸಿಕ್ಕರೆ ಮುಂದಿನ ಪ್ರಶ್ನೆ ಕೇಳುವವನು ಕುತೂಹಲಿ, ಸಿಕ್ಕ ಉತ್ತರಕ್ಕೆಲ್ಲ ಸಿಟ್ಟಾಗುವವನಿಗೆ ಬೇರೇನೋ ನೋಯುತ್ತಿದೆ.

ಹೊತ್ತಿನ ವಿಷಯ ಕೇಳಿದ್ದೆ. ಹಾಳೆ ತುಂಬುವುದನ್ನು ಬಿಟ್ಟು ನಿನ್ನ ಮಾತು ಹನ್ನೆರಡು ಹದಿಮೂರು ನಿಮಿಷ ಸಾಕು, ಉಳಿದದ್ದು ಅವರಿಗೆ ಬಿಡು. ದೊಡ್ಡವರು ಯಾರಾದರೂ ಕೂತಿದ್ದರೆ ಮೊದಲ ಉತ್ತರ ಅವರ ಬಾಯಿಂದ ಬರದಂತೆ ನೋಡಿಕೋ, ಬಂದರೆ ಮಕ್ಕಳು ಮುಗಿಸಿದಂತೆಯೇ. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ, ಮುಂದಿನ ವಾರ ಓದಿಕೊಂಡು ಬರುತ್ತೇನೆ ಎನ್ನು, ಮತ್ತು ಓದಿಕೊಂಡು ಹೋಗು. ಎಲ್ಲರೂ ಹೂಂಗುಟ್ಟಿಕೊಂಡು ಕೂತಿದ್ದರೆ ಪ್ರಸಂಗ ಮುಟ್ಟಿಲ್ಲವೆಂದೇ ತಿಳಿ. ಮೊದಲಿಗಿಂತ ಒರಟಾದ ಪ್ರಶ್ನೆ ಬಂದರೆ ನಿನ್ನನ್ನು ನಂಬಲು ಶುರುಮಾಡಿದ್ದಾರೆ.

ಕೊನೆಗೆ ಕಣ್ಣು ಮುಚ್ಚಿಸಿ, ನಂಬುವವರು ಕೈ ಎತ್ತಿ ಎಂದು ಕೇಳಲೋ ಎಂದಿದ್ದೀಯ. ಕೇಳಬೇಡ. ಅಕ್ಕಪಕ್ಕದ ಸ್ನೇಹಿತರು ನೋಡಿಯಾರೆಂದು ಅರ್ಧ ಕೈಗಳು ಏಳುತ್ತವೆ, ಅರ್ಧ ಅದೇ ಕಾರಣಕ್ಕೆ ಏಳುವುದಿಲ್ಲ. ಮಾರ್ಕ 9ರಲ್ಲಿ ರೋಗಿ ಹುಡುಗನ ತಂದೆ ನಂಬುತ್ತೇನೆಂದೂ ಹೇಳಿ, ನನ್ನ ಅಪನಂಬಿಕೆಗೆ ಸಹಾಯ ಮಾಡೆಂದೂ ಬೇಡಿಕೊಂಡ, ಯೇಸು ಅವನ ಮಗನನ್ನು ಗುಣಪಡಿಸಿದ. ಆ 24ನೇ ವಚನ ಓದಿ, ಚಿಕ್ಕದಾಗಿ ಪ್ರಾರ್ಥಿಸಿ ಕಳಿಸಿಕೊಡು. ತಿದ್ದಿದ ಪ್ರತಿಯನ್ನು ಬುಧವಾರದೊಳಗೆ ಕಳಿಸಿದರೆ ನೋಡಿಕೊಡುತ್ತೇನೆ. ಅಕ್ಕ ಭಾವನಿಗೆ ನನ್ನ ವಂದನೆ ತಿಳಿಸು.

ಇಂತಿ ನಿನ್ನ ಸೋದರಮಾವ