ಲೆಫ್ಟಿಗೆ ಬೇರೆ, ಲೆಫ್ಟಲ್ಲಿ ಬೇರೆ

ಚಿರಂಜೀವಿ ಅನಘಾಳಿಗೆ ಮಾವನ ಆಶೀರ್ವಾದಗಳು.

ಮೊನ್ನೆ ಭಾನುವಾರ ಚಿಕ್ಕತ್ತೆ ಮನೆ ಹುಡುಕುತ್ತಾ ಬನಶಂಕರಿಯಲ್ಲಿ ಮುಕ್ಕಾಲು ಗಂಟೆ ಸುತ್ತಿದೆಯಂತೆ. ಫೋನಿನ ಚಾರ್ಜ್ ಮುಗಿದಿತ್ತು, ಬಸ್ ಸ್ಟಾಪಿನ ಹತ್ತಿರ ಹೂವು ಮಾರುತ್ತಿದ್ದವರನ್ನು ಕೇಳಿದೆ, ಅವರು ಸರಿಯಾಗಿಯೇ ಹೇಳಿದರು, ಆದರೂ ದಾರಿ ತಪ್ಪಿತು. "ನಂಗೆ ಕನ್ನಡ ಬರಲ್ಲ ಅಂತ ಗೊತ್ತಾಯ್ತು ಮಾವ" ಅಂದೆ. ಕನ್ನಡ ಬರುತ್ತದೆ ಪುಟ್ಟಿ. ಪುಣೆಯ ಮನೆಯೊಳಗೆ ಅಮ್ಮನ ಜೊತೆ ಆಡಿದ ಕನ್ನಡದಲ್ಲಿ ಊಟ, ತಿಂಡಿ, ಜಗಳ ಎಲ್ಲ ಇತ್ತು, ಬೀದಿ ಮಾತ್ರ ಇರಲಿಲ್ಲ. ಬ್ಯಾಂಕಿನ ಸಾಲದ ಫೈಲು ಹಿಡಿದು ಊರೂರು ಅಲೆದು, ದಾರಿ ಕೇಳುವುದನ್ನೇ ಕಸುಬು ಮಾಡಿಕೊಂಡವನು ನಾನು. ಅದಕ್ಕೇ ಈ ಪತ್ರ.

ಆ ಹೂವಿನಮ್ಮ ಹೇಳಿದ್ದನ್ನು ನೀನು ಫೋನಿನಲ್ಲಿ ಒಪ್ಪಿಸಿದೆಯಲ್ಲ, ಬರೆದಿಟ್ಟುಕೊಂಡಿದ್ದೇನೆ. "ಸೀದಾ ಹೋಗಮ್ಮ, ಲೆಫ್ಟಲ್ಲಿ ಗಣೇಶನ ದೇವಸ್ಥಾನ ಸಿಗತ್ತೆ. ಅದು ದಾಟಿ ಎರಡು ಕ್ರಾಸ್ ಬಿಟ್ಟು ರೈಟಿಗೆ ತಿರುಗು. ಡೆಡ್ ಎಂಡ್ ಬರತ್ತೆ, ಅಲ್ಲಿ ಲೆಫ್ಟ್ ತಗೊಂಡ್ರೆ ನೀರಿನ ಟ್ಯಾಂಕು. ಅದರ ಎದುರುಗಡೆನೇ."

ನೀನು ಇದರಲ್ಲಿ ಹಿಡಿದಿದ್ದು ಎರಡೇ ಮಾತು: ಲೆಫ್ಟು, ದೇವಸ್ಥಾನ. ದೇವಸ್ಥಾನ ಕಂಡದ್ದೇ ಎಡಕ್ಕೆ ತಿರುಗಿಬಿಟ್ಟೆ. ಆಕೆ ತಿರುಗು ಅಂದಿರಲೇ ಇಲ್ಲ. "ಲೆಫ್ಟಲ್ಲಿ ಸಿಗತ್ತೆ" ಅಂದರೆ ನೀನು ನಿನ್ನ ಪಾಡಿಗೆ ನೇರ ಹೋಗುತ್ತಿರು, ನಿನ್ನ ಎಡಮಗ್ಗುಲಲ್ಲಿ ಅದು ಕಾಣುತ್ತದೆ ಎಂದಷ್ಟೇ. ದಾರಿ ಸರಿಯಾಗಿದೆ ಅನ್ನುವುದಕ್ಕೆ ಅದೊಂದು ಗುರುತು. ತಿರುಗಬೇಕಾದರೆ "ಲೆಫ್ಟಿಗೆ" ಅಂತಲೋ "ಎಡಕ್ಕೆ" ಅಂತಲೋ ಬರುತ್ತದೆ. "ಅಲ್ಲಿ" ಇದ್ದರೆ ಬರೀ ನೋಡುವುದು, "ಗೆ" ಅಥವಾ "ಕ್ಕೆ" ಇದ್ದರೆ ತಿರುಗುವುದು.

ತೊಂದರೆ ಏನೆಂದರೆ ಬೀದಿಯ ಮಾತಿನಲ್ಲಿ ಈ ಬಾಲ ಎಷ್ಟೋ ಸಲ ಉದುರಿಹೋಗಿರುತ್ತದೆ. "ಲೆಫ್ಟ್ ತಗೊಳ್ಳಿ" ಅನ್ನುವಾಗ "ಗೆ" ಇರುವುದಿಲ್ಲ. "ಎಡಗಡೆ" ಎನ್ನುವ ಮಾತಂತೂ ಎರಡು ಕಡೆಗೂ ಸಲ್ಲುತ್ತದೆ: "ಎಡಗಡೆ ಇದೆ" ಅಂದರೂ ಸರಿ, "ಎಡಗಡೆ ಹೋಗಿ" ಅಂದರೂ ಸರಿ. ಹಾಗಾಗಿ ವಾಕ್ಯದ ಕೊನೆಯವರೆಗೆ ಕಾಯಬೇಕು. ಕೊನೆಯಲ್ಲಿ ಇದೆ, ಬರತ್ತೆ, ಸಿಗತ್ತೆ, ಕಾಣತ್ತೆ ಅಂತ ಬಂದರೆ ಆ ವಸ್ತು ಅಲ್ಲಿದೆ, ನೀನು ತಿರುಗಬೇಡ. ಹೋಗಿ, ತಿರುಗಿ, ತಗೊಳ್ಳಿ, ಕಟ್ ಮಾಡಿ ಅಂತ ಬಂದರೆ ಅದು ನಿನ್ನ ಕಾಲಿಗೆ ಹೇಳಿದ್ದು. ನೀನು "ಲೆಫ್ಟು" ಕೇಳಿದ ತಕ್ಷಣ ತಲೆಯಲ್ಲಿ ದಾರಿ ಹಾಕಿಕೊಂಡುಬಿಡುತ್ತೀಯ. ಕ್ರಿಯಾಪದ ಬರುವವರೆಗೆ ತಡೆದುಕೋ. ನಮ್ಮ ಭಾಷೆಯಲ್ಲಿ ಅದು ಬರುವುದೇ ಕಡೆಗೆ.

ಇನ್ನು "ಎರಡು ಕ್ರಾಸ್ ಬಿಟ್ಟು". ಬಿಟ್ಟು ಅಂದರೆ ಆ ಎರಡನ್ನೂ ಹಾಗೇ ಬಿಟ್ಟು ಮುಂದಕ್ಕೆ, ನೀನು ತಿರುಗಬೇಕಾದ್ದು ಮೂರನೆಯದಕ್ಕೆ. "ಎರಡನೇ ಕ್ರಾಸಲ್ಲಿ ತಿರುಗು" ಅಂದಿದ್ದರೆ ಎರಡನೆಯದಕ್ಕೇ. ಇಲ್ಲಿ ತಪ್ಪು ಮಾಡುವುದು ಕೇಳುವವರಷ್ಟೇ ಅಲ್ಲ, ಹೇಳುವವರಲ್ಲೂ "ಎರಡು ಬಿಟ್ಟು" ಅಂದುಕೊಂಡು ಎರಡನೆಯದನ್ನೇ ತೋರಿಸುವವರಿದ್ದಾರೆ. ಹಾಗಾಗಿ ಅಲ್ಲೇ ಕೇಳಿಬಿಡು: "ಎರಡು ಬಿಟ್ಟು ಮೂರನೇದಾ?" ಎಲ್ಲಿಂದ ಎಣಿಸಬೇಕು ಎಂಬುದೂ ಒಂದು ಪ್ರಶ್ನೆ. ಆಕೆ "ಅದು ದಾಟಿ" ಅಂದಿದ್ದರಿಂದ ದೇವಸ್ಥಾನ ಆದ ಮೇಲೆ ಎಣಿಕೆ ಶುರು. ಬಲಕ್ಕೆ ತಿರುಗಬೇಕು ಅಂದರೆ ಬಲಗಡೆಯ ಕ್ರಾಸುಗಳನ್ನೇ ಎಣಿಸು. ಎಡಗಡೆ ಎಷ್ಟಿವೆಯೋ ಬಲಗಡೆಯೂ ಅಷ್ಟೇ ಇರಬೇಕೆಂದೇನಿಲ್ಲ. ಸ್ಕೂಟರ್ ಮಾತ್ರ ನುಗ್ಗುವಂಥ ಸಂದಿಯನ್ನು ಸಾಮಾನ್ಯವಾಗಿ ಯಾರೂ ಕ್ರಾಸ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಬಡಾವಣೆಗಳಲ್ಲಿ ರಸ್ತೆಗೆ ನಂಬರೇ ಹೆಸರು. ಯಾರಾದರೂ "ಮೂರನೇ ಕ್ರಾಸು" ಅಂದರೆ ಇಲ್ಲಿಂದ ಎಣಿಸಿದರೆ ಮೂರನೆಯದೋ, ಬೋರ್ಡಿನ ಮೇಲೆ 3ನೇ ಕ್ರಾಸ್ ಅಂತ ಬರೆದಿರುವುದೋ? ನಾನು ಗಮನಿಸಿದ ಮಟ್ಟಿಗೆ, ಹೆಸರು ಹೇಳುವಾಗ ಹೆಚ್ಚಿನವರು "ಥರ್ಡ್ ಕ್ರಾಸ್" ಅನ್ನುತ್ತಾರೆ, ಎಣಿಸಿ ಹೇಳುವಾಗ "ಮೂರನೇದು" ಅನ್ನುತ್ತಾರೆ. ಇದನ್ನೇ ಪೂರ್ತಿ ನಂಬಬೇಡ. "ಇಲ್ಲಿಂದ ಮೂರನೇದಾ, ಬೋರ್ಡಲ್ಲಿರೋದಾ?" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಡೆಡ್ ಎಂಡ್" ಅಂದದ್ದು ನಿನ್ನನ್ನು ಹೆದರಿಸಿತು ಅಂದೆ, ನನಗೆ ನಗು ಬಂತು. ದಾರಿಯೇ ಇಲ್ಲದ ಕಡೆಗೆ ಆಕೆ ಯಾಕೆ ಕಳಿಸುತ್ತಾರೆ! ದಾರಿ ಹೇಳುವಾಗ ನಮ್ಮವರು ಡೆಡ್ ಎಂಡ್ ಅನ್ನುವುದು ಸಾಮಾನ್ಯವಾಗಿ ನೀನು ಹೋಗುತ್ತಿರುವ ರಸ್ತೆ ಮುಗಿದು ಅಡ್ಡ ರಸ್ತೆಗೆ ಸೇರುವ ಜಾಗಕ್ಕೆ. ಎದುರಿಗೆ ಗೋಡೆಯೋ ಮನೆಯೋ ಇರುತ್ತದೆ, ಎಡಕ್ಕೂ ಬಲಕ್ಕೂ ರಸ್ತೆ ಇರುತ್ತದೆ. ಆಮೇಲೆ ಯಾವ ಕಡೆ ಎಂದು ಅವರು ಹೇಳಿಯೇ ಹೇಳುತ್ತಾರೆ, ಮರೆತರೆ ನೀನೇ ಕೇಳು. ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಅಂಗಡಿ ಮುಚ್ಚಬಹುದು, ಮರ ಕಡಿಯಬಹುದು, ರಸ್ತೆ ಮುಗಿಯುವುದನ್ನು ಯಾರೂ ಗಮನಿಸದೆ ಇರಲಾರರು.

"ಎದುರುಗಡೆ" ಅಂದರೆ ರಸ್ತೆಯ ಆಚೆ ಬದಿ. "ಮುಂದೆ" ಎನ್ನುವ ಮಾತಿನ ಬಗ್ಗೆ ಮಾತ್ರ ಹುಷಾರು. "ಟ್ಯಾಂಕಿನ ಮುಂದೆ" ಅಂದರೆ ಟ್ಯಾಂಕಿಗೆ ಮುಖ ಮಾಡಿಕೊಂಡಿದೆ. "ಟ್ಯಾಂಕಿಂದ ಮುಂದೆ" ಅಂದರೆ ಟ್ಯಾಂಕನ್ನು ಹಿಂದೆ ಹಾಕಿ ಇನ್ನೂ ನಡೆಯಬೇಕು. ಎಷ್ಟು ನಡೆಯಬೇಕು ಎಂಬುದು ಪದದಲ್ಲಿ ಇರುವುದಿಲ್ಲ, ರಾಗದಲ್ಲಿ ಇರುತ್ತದೆ. "ಇಲ್ಲೇ ಮುಂದೆ" ಅಂತ ಚಿಕ್ಕದಾಗಿ ಅಂದರೆ ನಾಲ್ಕು ಹೆಜ್ಜೆ. "ಸೀದಾಆಆ ಹೋಗಿ" ಅಂತ ಎಳೆದು ಗದ್ದ ಎತ್ತಿದರೆ ಆಟೋ ಹಿಡಿಯುವುದೇ ವಾಸಿ. ಕೈಯನ್ನೂ ನೋಡುತ್ತಿರು. ಬಾಯಿ ಲೆಫ್ಟ್ ಅನ್ನುತ್ತಾ ಕೈ ಬಲಕ್ಕೆ ಬೀಸುವವರು ಬೇಕಾದಷ್ಟು ಜನ. ಅಂಥಲ್ಲಿ ನಾನು ನಂಬುವುದು ಕೈಯನ್ನು. ಮನಸ್ಸಿನಲ್ಲಿ ಅವರು ಆ ದಾರಿಯಲ್ಲಿ ನಡೆಯುತ್ತಿರುತ್ತಾರೆ, ಕೈ ಅದರ ಜೊತೆಗೇ ಹೋಗುತ್ತದೆ, ಬಾಯಿಗೆ ಮಾತ್ರ ಎಡಬಲದ ಹೆಸರು ಅದಲುಬದಲಾಗುತ್ತದೆ. ಅವರು ನಿನಗೆ ಎದುರಾಗಿ ನಿಂತಿದ್ದರೆ "ನಾನು ಹೋಗೋವಾಗ ನನ್ನ ಎಡಗೈಗಾ?" ಅಂತ ಕೈ ಎತ್ತಿ ತೋರಿಸಿ ಕೇಳು. (ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದರೆ ಬಲಗಡೆ ಅಲ್ಲ, ಹೊರಡಲಿ ಅಂತ. ನಿನ್ನಮ್ಮ ಹುಡುಗಿಯಾಗಿದ್ದಾಗ ಅದನ್ನು ಕೇಳಿ ಬಲಗಡೆ ಕಿಟಕಿಯಾಚೆ ಇಣುಕುತ್ತಿದ್ದಳು.)

ನೀನು ಮಾಡಿದ ಇನ್ನೊಂದು ತಪ್ಪು ಕೇಳಿದ ರೀತಿಯದು. ಎಡಕ್ಕೆ ತಿರುಗಿದ ಮೇಲೆ ಅನುಮಾನ ಬಂದು ಸೈಕಲ್ ಹುಡುಗನನ್ನು "ವಾಟರ್ ಟ್ಯಾಂಕಿಗೆ ಇದೇ ದಾರಿನಾ?" ಅಂದೆ. ಅವನು "ಹೂಂ" ಅಂದ. ಹಾಗೆ ಕೇಳಿದರೆ ಹೂಂ ಅನ್ನುವುದೇ ಸುಲಭ; ಗೊತ್ತಿಲ್ಲದವರೂ ಅನ್ನುತ್ತಾರೆ. "ಸ್ವಲ್ಪ ನೋಡಣ್ಣ, ನೀರಿನ ಟ್ಯಾಂಕು ಎಲ್ಲಿ ಬರತ್ತೆ?" ಅಂತಲೋ "ಟ್ಯಾಂಕ್ ಹತ್ರ ಹೇಗೆ ಹೋಗೋದು?" ಅಂತಲೋ ಕೇಳು. ಆಗ ಅವರು ದಾರಿಯನ್ನು ಹೇಳಲೇಬೇಕಾಗುತ್ತದೆ, ಗೊತ್ತಿಲ್ಲದಿದ್ದರೆ ಅದು ತಾನಾಗಿ ಹೊರಬೀಳುತ್ತದೆ. "ಇರಬೇಕು", "ಅನ್ಸತ್ತೆ" ಅಂತ ಕೊನೆಗೆ ಸೇರಿಸಿದರೆ ಥ್ಯಾಂಕ್ಸ್ ಹೇಳಿ ಮುಂದೆ ಇನ್ನೊಬ್ಬರನ್ನು ಕೇಳು. "ಅಲ್ಲಿ ಹೋಗಿ ಯಾರನ್ನಾದ್ರೂ ಕೇಳಿ" ಅಂದರೆ ನಿನ್ನನ್ನು ಸಾಗಹಾಕಿದರು ಅಂದುಕೊಳ್ಳಬೇಡ. ಅಲ್ಲಿಯವರೆಗಿನದು ಅವರಿಗೆ ಖಚಿತವಾಗಿ ಗೊತ್ತು, ಅದರಾಚೆಯದು ಗೊತ್ತಿಲ್ಲ ಅಂತ ಅರ್ಥ. ನನ್ನ ಮಟ್ಟಿಗೆ ಅದು ಪ್ರಾಮಾಣಿಕ ಉತ್ತರ.

ಕರೆಯುವುದು ಹೇಗೆ ಅಂದೆಯಲ್ಲ. ಆಟೋದವರಿಗೆ, ಅಂಗಡಿಯವರಿಗೆ ಅಣ್ಣ. ಹೂವಿನವರಿಗೆ, ತರಕಾರಿಯವರಿಗೆ ಅಮ್ಮ ಅಥವಾ ಅಕ್ಕ. ಇಸ್ತ್ರಿ ಪ್ಯಾಂಟಿನವರಿಗೆ ಸಾರ್. "ದಯವಿಟ್ಟು ಮಾರ್ಗವನ್ನು ತಿಳಿಸುವಿರಾ" ಅಂತ ಹೋದರೆ ನಾಟಕದ ಕಂಪನಿಯವಳು ಅಂದುಕೊಂಡಾರು. ಅವರು "ಹೋಗಮ್ಮ", "ತಿರುಗು" ಅಂತ ಏಕವಚನದಲ್ಲಿ ಹೇಳಿದರೆ ಅದು ಸಲಿಗೆ, ಅಸಡ್ಡೆ ಅಲ್ಲ. ನೀನು ಮಾತ್ರ ಹೇಳಿ, ಹೋಗಿ ಅಂತ ಬಹುವಚನದಲ್ಲೇ ಇರು.

ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿ ಕಡೆ ಹೋಗಬೇಕಾದೀತು ಅಂದೆ, ಅದಕ್ಕೊಂದು ಮಾತು. ಅಲ್ಲಿ ತಿರುಗುವುದು ಅಂದರೆ ಹೊಳ್ಳುವುದು. ಧಾರವಾಡದ ಕಡೆಗೆ ನಾನು ವರ್ಗವಾಗಿ ಹೋದ ಹೊಸದರಲ್ಲಿ ಒಬ್ಬ ಅಜ್ಜ "ಅಗಸಿ ದಾಟಿ ಎಡಕ್ಕ ಹೊಳ್ಳ್ರಿ" ಅಂದರು. ನನಗೆ ಕೇಳಿಸಿದ್ದು ಹೊಳೆ. ಅಗಸಿ ಅಂದರೆ ಊರಬಾಗಿಲು ಅಂತಲೂ ತಿಳಿದಿರಲಿಲ್ಲ. ಬಿಸಿಲಿನಲ್ಲಿ ಹೊಳೆ ಹುಡುಕುತ್ತಾ ಹೊಲದವರೆಗೂ ಹೋದೆ. ಸಾಲಗಾರ ಅಷ್ಟು ಹೊತ್ತಿಗೆ ಪೇಟೆಗೆ ಹೋಗಿಯಾಗಿತ್ತು.

ಕೇಳಿದ ಮೇಲೆ ಅಲ್ಲೇ ನಿಂತು ಒಂದು ಸಲ ವಾಪಸ್ ಒಪ್ಪಿಸು, ಬೆರಳು ಮಡಿಸುತ್ತಾ. "ದೇವಸ್ಥಾನ ದಾಟಿ, ಮೂರನೇ ಕ್ರಾಸಲ್ಲಿ ರೈಟು, ಡೆಡ್ ಎಂಡಲ್ಲಿ ಲೆಫ್ಟು, ಅಲ್ವಾಮ್ಮ?" ಇಷ್ಟು ಅಂದಿದ್ದರೆ ಆ ಹೂವಿನಮ್ಮ ಹೂಂ ಅಂದು ಕಳಿಸುತ್ತಿದ್ದರು, ನೀನು ಚಿಕ್ಕತ್ತೆಯ ಮನೆಗೆ ಹತ್ತೇ ನಿಮಿಷಕ್ಕೆ ಸೇರುತ್ತಿದ್ದೆ. ಮೂರು ತಿರುವಿಗಿಂತ ಹೆಚ್ಚಿದ್ದರೆ ಮೊದಲ ಮೂರು ಮಾತ್ರ ತಲೆಯಲ್ಲಿ ಇಟ್ಟುಕೊಂಡು ಹೊರಡು, ಉಳಿದದ್ದನ್ನು ಅಲ್ಲಿಗೆ ಹೋಗಿ ಕೇಳು.

ಈ ಪತ್ರ ಓದಿ ಹೇಳಿದ್ದಕ್ಕೆ ನಿನ್ನ ಅತ್ತೆ ಬಿದ್ದು ಬಿದ್ದು ನಕ್ಕಳು. ಚಿಕ್ಕತ್ತೆ ಮನೆ ಎದುರಿನ ನೀರಿನ ಟ್ಯಾಂಕನ್ನು ಕೆಡವಿ ಎಷ್ಟೋ ಕಾಲವಾಯಿತಂತೆ, ಈಗ ಅಲ್ಲಿರುವುದು ಮಕ್ಕಳ ಪಾರ್ಕು. ಆದರೂ ಆ ಬೀದಿಯವರಿಗೆಲ್ಲ ಅದು ಟ್ಯಾಂಕೇ. ಮೆಜೆಸ್ಟಿಕ್ ಅಂತ ದಿನಾ ಬಸ್ ಹತ್ತುತ್ತೀಯಲ್ಲ, ಅದು ಅಲ್ಲಿದ್ದ ಟಾಕೀಸಿನ ಹೆಸರು. ಟಾಕೀಸು ಹೋಯಿತು, ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು, ಜನ ಮಾತ್ರ ಇನ್ನೂ ಮೆಜೆಸ್ಟಿಕ್‌ನಲ್ಲೇ ಇಳಿಯುತ್ತಾರೆ. ಮುಂದಿನ ಭಾನುವಾರ ಹೋದಾಗ ಟ್ಯಾಂಕ್ ಕಾಣದಿದ್ದರೆ ಗಾಬರಿಯಾಗಬೇಡ, "ಮೊದ್ಲು ಟ್ಯಾಂಕ್ ಇತ್ತಲ್ಲ, ಅದೆಲ್ಲಿ?" ಅಂತ ಕೇಳು. ಚಿಕ್ಕತ್ತೆಗೆ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಮಾವ