ಕ್ಯಾಪ್ಚರ್ ಕಾರ್ಡಿನ ತಪ್ಪು ವಿವರಣೆ: ಹಣ ಮರಳಿಸುವಂತೆ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಗಂಗಾವತಿಯಲ್ಲಿದ್ದುಕೊಂಡು ನಾನೊಂದು ಚಿಕ್ಕ ವಿಡಿಯೋ ಚಾನೆಲ್ ನಡೆಸುತ್ತೇನೆ. ಪ್ಲೇಸ್ಟೇಷನ್ 5ರಲ್ಲಿ ಕಾರ್ ರೇಸ್ ಆಡಿ, ಕನ್ನಡದಲ್ಲಿ ವಿವರಣೆ ಕೊಡುತ್ತೇನೆ. ಆಟದ ಚಿತ್ರವನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೆಂದೇ ನಿಮ್ಮ ಕ್ಯಾಪ್ಚರ್ ಕಾರ್ಡ್ ತರಿಸಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘4K 60’ ಎಂದೂ ‘USB 3.0’ ಎಂದೂ ಅಚ್ಚಾಗಿದೆ. ನನಗೆ 4K ರೆಕಾರ್ಡಿಂಗ್ ಬೇಕಿರಲಿಲ್ಲ. 1080ರಲ್ಲಿ ಸೆಕೆಂಡಿಗೆ 60 ಫ್ರೇಮ್ ಸಿಕ್ಕಿದ್ದರೆ ಸಾಕಿತ್ತು. ಅದೂ ಸಿಗಲಿಲ್ಲ.

ರೆಕಾರ್ಡ್ ಮಾಡಿದ ವಿಡಿಯೋವನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ತಿರುವಿನಲ್ಲಿ ಕಾರು ಎರಡು ಫ್ರೇಮ್‌ಗಳ ಕಾಲ ಇದ್ದಲ್ಲೇ ಇರುತ್ತದೆ, ಮೂರನೆಯದಕ್ಕೆ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಅಂದರೆ ಕಾರ್ಡ್ ಕೊಡುತ್ತಿರುವುದು 30 ಫ್ರೇಮ್ ಮಾತ್ರ; 60ರ ಲೆಕ್ಕ ತುಂಬಿಸಲು ಪ್ರತಿ ಚಿತ್ರವೂ ಎರಡೆರಡು ಬಾರಿ ಬರುತ್ತಿದೆ. ರೆಕಾರ್ಡಿಂಗ್ ತಂತ್ರಾಂಶ ಒಬಿಎಸ್‌ನಲ್ಲಿ ಈ ಕಾರ್ಡಿನ ಆಯ್ಕೆಗಳನ್ನು ತೆರೆದರೆ `1920x1080` ಎದುರು ಸಂಕುಚಿಸಿ ಕಳಿಸುವ `MJPEG` ಮಾದರಿಯಲ್ಲೂ 30ಕ್ಕಿಂತ ಹೆಚ್ಚಿನ ಆಯ್ಕೆಯೇ ಇಲ್ಲ.

ನಿಮ್ಮ ಸಿಬ್ಬಂದಿ ಮೊದಲು ನಕಲು ತಡೆಯುವ ಎಚ್‌ಡಿಸಿಪಿ ಕಾರಣವೆಂದರು. ಕನ್ಸೋಲಿನ ಎಚ್‌ಡಿಎಂಐ ಸೆಟ್ಟಿಂಗ್‌ನಲ್ಲಿ ಅದನ್ನು ಆಗಲೇ ಆಫ್ ಮಾಡಿದ್ದೇನೆ. ಅದು ಆನ್ ಇದ್ದರೆ ಪರದೆ ಕಪ್ಪಾಗುತ್ತದೆಯೇ ಹೊರತು ಫ್ರೇಮ್‌ಗಳು ಅರ್ಧವಾಗುವುದಿಲ್ಲ. ಆಮೇಲೆ ನನ್ನ ಕಂಪ್ಯೂಟರ್ ನಿಧಾನವಿದೆ ಎಂದರು. ಹಾಗಿದ್ದರೆ ಒಬಿಎಸ್‌ನ ಅಂಕಿಅಂಶ ಕಿಟಕಿಯಲ್ಲಿ ಬಿಟ್ಟುಹೋದ ಫ್ರೇಮ್‌ಗಳ ಸಂಖ್ಯೆ ಏರುತ್ತಿತ್ತು. ಅಲ್ಲಿರುವುದು ಸೊನ್ನೆ.

ನಿಜವಾದ ಕಾರಣ ಕಾರ್ಡಿನೊಳಗೇ ಇದೆ. ಪ್ಲಗ್ಗಿನ ಬಣ್ಣ 3.0ರಂತೆ ನೀಲಿ, ಆದರೆ ಕಂಪ್ಯೂಟರಿನ ಯುಎಸ್‌ಬಿ 3.0 ಪೋರ್ಟಿಗೆ ನೇರವಾಗಿ ಚುಚ್ಚಿದರೂ ಅದು `High-Speed` ಎಂದೇ ಗುರುತಾಗುತ್ತದೆ. ಅದು ಯುಎಸ್‌ಬಿ 2.0ರ ವೇಗ, ಸೆಕೆಂಡಿಗೆ ಗರಿಷ್ಠ 480 ಮೆಗಾಬಿಟ್. 3.0 ಆಗಿದ್ದರೆ `SuperSpeed` ಎಂದು ಕಾಣಬೇಕಿತ್ತು. 1080ರ 60 ಫ್ರೇಮ್‌ಗಳನ್ನು `YUY2` ಮಾದರಿಯಲ್ಲಿ ಸಂಕುಚಿಸದೆ ಸಾಗಿಸಲು ಸೆಕೆಂಡಿಗೆ ಸುಮಾರು 2,000 ಮೆಗಾಬಿಟ್ ಬೇಕು. ಆ ಹೊರೆ ಈ ದಾರಿಯಲ್ಲಿ ಹಿಡಿಸುವುದೇ ಇಲ್ಲ; ಸಂಕುಚಿಸಿ ಕಳಿಸುವಾಗಲೂ ನಿಮ್ಮ ಕಾರ್ಡ್ 30 ಫ್ರೇಮ್ ದಾಟುವುದಿಲ್ಲ. ನೀವು ಸಾರುವ ‘4K 60’ ಎಂಬುದು ಕಾರ್ಡಿನ ಮೂಲಕ ಟಿವಿಗೆ ದಾಟಿಹೋಗುವ ಚಿತ್ರದ ಅಳತೆ. ನನ್ನ ಟಿವಿಯಲ್ಲಿ ಆಟ ನುಣುಪಾಗಿಯೇ ಕಾಣುತ್ತದೆ. ಆದರೆ ಚಾನೆಲ್ ನಡೆಸುವವನಿಗೆ ಬೇಕಾದದ್ದು ರೆಕಾರ್ಡಿಂಗಿನ ಅಳತೆ, ಅದನ್ನೇ ಪೆಟ್ಟಿಗೆಯಲ್ಲೂ ಜಾಹೀರಾತಿನಲ್ಲೂ ಮುಚ್ಚಿಟ್ಟಿದ್ದೀರಿ. ಕೂಡಿಟ್ಟ ಹಣದಲ್ಲಿ ಇಂಥ ಸಾಧನ ಕೊಳ್ಳುವ ಹುಡುಗರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ. ಅವರೂ ಹೀಗೆಯೇ ಮೋಸ ಹೋಗುವುದನ್ನು ನಾನು ಸಹಿಸಲಾರೆ.

ಆದ್ದರಿಂದ ಕಾರ್ಡನ್ನು ನಿಮ್ಮ ಖರ್ಚಿನಲ್ಲೇ ಹಿಂಪಡೆದು ಪೂರ್ತಿ ಹಣ ಮರಳಿಸಬೇಕು. ಒಳಬರುವ, ಟಿವಿಗೆ ದಾಟುವ ಮತ್ತು ರೆಕಾರ್ಡ್ ಆಗುವ ಅಳತೆಗಳನ್ನು ಜಾಹೀರಾತಿನಲ್ಲಿ ಬೇರೆಬೇರೆಯಾಗಿ ನಮೂದಿಸಬೇಕು. ಬದಲಿ ಕಾರ್ಡ್ ಬೇಡ, ಅದೇ ಮಾದರಿಯ ಇನ್ನೊಂದರಲ್ಲೂ ಇದೇ ಮಿತಿ ಇರುತ್ತದೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇನೆ. ಬಿಲ್, ಪೆಟ್ಟಿಗೆಯ ಚಿತ್ರ, ಒಬಿಎಸ್ ಪರದೆಯ ಚಿತ್ರಗಳು ಮತ್ತು ರೆಕಾರ್ಡಿಂಗಿನ ತುಣುಕನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಗಂಗಾವತಿ, ಕೊಪ್ಪಳ ಜಿಲ್ಲೆ