ಪ್ರತಿಮೆಗೆ ಕಾರಣ ಪಾಲಿಕ್ಲೀಟಸ್ ಅಲ್ಲ

ಮಾನ್ಯ ಸಂಪಾದಕರೇ,

ಅರಿಸ್ಟಾಟಲನ ನಾಲ್ಕು ಕಾರಣಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ‘ಕಂಚು, ಆಕಾರ, ಶಿಲ್ಪಿ, ಅಲಂಕಾರ’ ಎಂದು ಒಂದೇ ಸಾಲಿನಲ್ಲಿ ಪ್ರತಿಮೆಯ ಲೆಕ್ಕ ಮುಗಿಸಿದೆ. ಪಠ್ಯಪುಸ್ತಕಗಳಲ್ಲೂ ಇದೇ ಸಾಲು ಓಡಾಡುತ್ತಿದೆ. ಈ ನಾಲ್ಕರಲ್ಲಿ ತಕರಾರಿಲ್ಲದೆ ಒಪ್ಪಬಹುದಾದದ್ದು ಕಂಚೊಂದೇ.

ಕಾರಣಕ್ಕೆ ಗ್ರೀಕರು ಬಳಸುವ ‘ಐಟಿಯಾ’ ಎಂಬ ಮಾತಿಗೆ ಹೊಣೆ, ಆರೋಪ ಎಂಬ ಅರ್ಥಗಳೂ ಇವೆ. ‘ಇದು ಹೀಗಿರುವುದಕ್ಕೆ ಹೊಣೆ ಯಾವುದು?’ ಎಂದು ಕೇಳಿದರೆ ಎಷ್ಟು ಬಗೆಯ ಉತ್ತರ ಬರಬಹುದು ಎಂಬುದನ್ನು ಅರಿಸ್ಟಾಟಲ್ ತನ್ನ ‘ಭೌತಶಾಸ್ತ್ರ’ದ ಎರಡನೇ ಪುಸ್ತಕದಲ್ಲಿ ವಿಂಗಡಿಸುತ್ತಾನೆ: ಯಾವುದರಿಂದ ಆಗಿದೆ ಎಂಬ ದ್ರವ್ಯ, ಏನಾಗಿದೆ ಎಂಬ ರೂಪ, ಯಾರಿಂದ ಆಯಿತು ಎಂಬ ಕರ್ತೃ, ಯಾತಕ್ಕಾಗಿ ಎಂಬ ಪ್ರಯೋಜನ. ನಮ್ಮ ಉಪಾದಾನ, ನಿಮಿತ್ತ ಎಂಬ ಪದಗಳು ಮೊದಲನೆಯದಕ್ಕೂ ಮೂರನೆಯದಕ್ಕೂ ಚೆನ್ನಾಗಿ ಹೊಂದುತ್ತವೆ. ರೂಪಕ್ಕೆ ಮಾತ್ರ, ಬಟ್ಟೆಗೆ ನೂಲುಗಳ ಸಂಯೋಗ ಕಾರಣ ಎನ್ನುವಂಥ ನ್ಯಾಯದರ್ಶನದ ಅಸಮವಾಯಿ ಕಾರಣವನ್ನು ಜೋಡಿಸಬಾರದು, ಅದು ಬೇರೆಯದೇ ವಿಚಾರ.

‘ಆಕಾರ’ ಎಂದಾಗ ಕಣ್ಣಿಗೆ ಕಾಣುವ ಹೊರಮೈ ನೆನಪಾಗುತ್ತದೆ. ಆದರೆ ಅರಿಸ್ಟಾಟಲ್ ರೂಪಕ್ಕೆ ಕೊಡುವ ಉದಾಹರಣೆ ಸಂಗೀತದ್ದು: ಷಡ್ಜಕ್ಕೂ ತಾರಷಡ್ಜಕ್ಕೂ ಇರುವ ಸಂಬಂಧಕ್ಕೆ 2:1 ಎಂಬ ಪ್ರಮಾಣವೇ ಕಾರಣ. ತಂತಿಯನ್ನು ಅರ್ಧಕ್ಕೆ ಒತ್ತಿ ಮೀಟಿದರೆ ಆ ಪ್ರಮಾಣ ಕೇಳಿಸುತ್ತದೆ, ಅದಕ್ಕೆ ಹೊರಮೈಯೆಂಬುದೇ ಇಲ್ಲ. ಹಾಗೆಯೇ ಪ್ರತಿಮೆಯ ರೂಪವೆಂದರೆ ಬೆರಳಿಗೂ ಅಂಗೈಗೂ, ಅಂಗೈಗೂ ತೋಳಿಗೂ ಇರುವ ಅಳತೆಗಳ ಹೊಂದಾಣಿಕೆ ಎಂದುಕೊಂಡರೆ ಅವನ ಮಾತಿಗೆ ಹತ್ತಿರವಾಗುತ್ತದೆ.

ಇನ್ನು ಶಿಲ್ಪಿ. ಅರಿಸ್ಟಾಟಲ್ ಇಲ್ಲಿ ಆರ್ಗೋಸಿನ ಪ್ರಸಿದ್ಧ ಶಿಲ್ಪಿ ಪಾಲಿಕ್ಲೀಟಸನ ಹೆಸರನ್ನೇ ಎತ್ತಿಕೊಂಡು, ‘ಪಾಲಿಕ್ಲೀಟಸ್ ಕಾರಣ’ ಎನ್ನುವುದೂ ‘ಶಿಲ್ಪಿ ಕಾರಣ’ ಎನ್ನುವುದೂ ಒಂದೇ ಅಲ್ಲ ಎನ್ನುತ್ತಾನೆ. ಶಿಲ್ಪಿಯಾದವನು ಪಾಲಿಕ್ಲೀಟಸನೂ ಆಗಿದ್ದದ್ದು ಕಾಕತಾಳೀಯ. ‘ಬಿಳಿಯ ಬಣ್ಣದವನು ಮಾಡಿದ’ ಎಂದರೆ ಇನ್ನೂ ದೂರ ಸರಿದಂತೆ. ಕಾರಣವನ್ನು ತೀರಾ ಕರಾರುವಾಕ್ಕಾಗಿ ಹೇಳಬೇಕಾದರೆ ವ್ಯಕ್ತಿಯನ್ನು ದಾಟಿ ವಿದ್ಯೆಗೆ ಹೋಗಬೇಕು. ಇದನ್ನು ಅವನು ಮನೆಯ ಮೂಲಕ ಬಿಡಿಸುತ್ತಾನೆ: ಮನುಷ್ಯ ಮನೆ ಕಟ್ಟುವುದು ಕಟ್ಟುಗಾರನಾದ್ದರಿಂದ, ಕಟ್ಟುಗಾರ ಕಟ್ಟುವುದು ಕಟ್ಟುವ ವಿದ್ಯೆಯಿಂದ. ಕಟ್ಟುತ್ತಿರುವವನೂ ಕಟ್ಟಲಾಗುತ್ತಿರುವ ಮನೆಯೂ ಒಂದೇ ಕಾಲಕ್ಕೆ ಇರುತ್ತಾರೆ, ಕೆಲಸ ನಿಂತರೆ ಆ ಜೋಡಿ ಮುರಿಯುತ್ತದೆ. ಕಟ್ಟುಗಾರ ಸತ್ತರೂ ಮನೆ ಮಾತ್ರ ನಿಂತಿರುತ್ತದೆ.

ನಾಲ್ಕನೆಯ ಕಾರಣ ಪ್ರಯೋಜನ. ಇದನ್ನು ಪಟ್ಟಿಯ ಕೊನೆಗೆ ಅಂಟಿಸಿದ ಬಾಲದಂತೆ ಬರೆಯುವುದೇ ದೊಡ್ಡ ತಪ್ಪು. ಇದರ ಕೆಲಸ ಪ್ರತಿಮೆಗಿಂತ ಮನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಭಾರದ ವಸ್ತು ಕೆಳಗೆ, ಹಗುರವಾದದ್ದು ಮೇಲೆ ಹೋಗುವುದು ಸಹಜ, ಆದ್ದರಿಂದ ಅಡಿಪಾಯದ ಕಲ್ಲು ಕೆಳಗೂ ಅದರ ಮೇಲೆ ಮಣ್ಣೂ ತುದಿಯಲ್ಲಿ ಮರವೂ ಬಂದು ಗೋಡೆಯಾಯಿತು ಎಂದು ಯಾರಾದರೂ ವಾದಿಸಿದರೆ? ಅರಿಸ್ಟಾಟಲ್ ಈ ವಾದವನ್ನು ತಾನೇ ಎತ್ತಿ ತಳ್ಳಿಹಾಕುತ್ತಾನೆ. ಇವು ಇಲ್ಲದೆ ಗೋಡೆಯಿಲ್ಲ ನಿಜ, ಆದರೆ ಗೋಡೆ ಎದ್ದದ್ದು ಇವುಗಳಿಂದಾಗಿ ಅಲ್ಲ, ಒಳಗಿರುವುದನ್ನು ಮರೆಮಾಡಿ ಕಾಪಾಡಲು. ಅಂದರೆ ಅನಿವಾರ್ಯತೆ ಹಿಮ್ಮುಖವಾಗಿ ಹರಿಯುತ್ತದೆ: ಗಾಳಿ, ಮಳೆ, ಬಿಸಿಲು ತಡೆಯುವ ಮನೆ ಬೇಕೆಂದಾದರೆ ಇಂಥ ಸಾಮಗ್ರಿ ಬೇಕೇ ಬೇಕು. ಗರಗಸ ಮರ ಕೊಯ್ಯಬೇಕಾದರೆ ಅದು ಕಬ್ಬಿಣದ್ದೇ ಆಗಿರಬೇಕು, ಉಣ್ಣೆಯಲ್ಲಿ ಗರಗಸ ಮಾಡಲಾಗದು.

ಈ ಬೆಳಕಿನಲ್ಲಿ ಪ್ರತಿಮೆಯತ್ತ ತಿರುಗಿ ನೋಡಿ. ಪಾಲಿಕ್ಲೀಟಸನ ‘ಭರ್ಜಿಧಾರಿ’ಯ ಕಂಚಿನ ಮೂಲ ಕಳೆದುಹೋಗಿದೆ. ಪಾಂಪೆಯಲ್ಲಿ ಸಿಕ್ಕ, ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿರುವ ರೋಮನ್ ಪ್ರತಿ ಅಮೃತಶಿಲೆಯದು. ಅದರಲ್ಲಿ ಬಲಗಾಲಿಗೆ ಒತ್ತಿ ಒಂದು ಮರದ ಬೊಡ್ಡೆಯನ್ನು ಕೆತ್ತಲಾಗಿದೆ. ಒಳಗೆ ಟೊಳ್ಳಾದ ಕಂಚಿನ ಎರಕ ತೆಳ್ಳಗಿನ ಕಣಕಾಲುಗಳ ಮೇಲೆ ನಿಲ್ಲಬಲ್ಲದು, ಇಡೀ ಗಟ್ಟಿಯಾದ, ಬಾಗಿಸಿದರೆ ಮುರಿಯುವ ಅಮೃತಶಿಲೆ ನಿಲ್ಲಲಾರದು. ಆ ಬೊಡ್ಡೆಯಿಂದ ವೀರನ ನಿಲುವಿಗೆ ಆಗಬೇಕಾದ್ದು ಏನೂ ಇಲ್ಲ. ಇದೇ ರೂಪ ಈ ದ್ರವ್ಯದಲ್ಲಿ ನಿಲ್ಲಬೇಕು ಎಂದಾಗ ಅದು ಅನಿವಾರ್ಯವಾಯಿತು. ಯಾವ ಭಾಗ ರೂಪಕ್ಕಾಗಿ, ಯಾವುದು ದ್ರವ್ಯದ ಒತ್ತಾಯಕ್ಕೆ ಎಂದು ಇಲ್ಲಿ ಬೆರಳಿಟ್ಟು ತೋರಿಸಬಹುದು.

ಎಲ್ಲದಕ್ಕೂ ನಾಲ್ಕು ಕಾರಣ ಇದ್ದೇ ಇರುತ್ತವೆ ಎಂಬ ಲೇಖನದ ಮಾತೂ ಸರಿಯಲ್ಲ. ಪ್ರಕೃತಿಯಲ್ಲಿ ರೂಪ, ನಿಮಿತ್ತ, ಪ್ರಯೋಜನಗಳು ಹಲವೆಡೆ ಒಂದಾಗುತ್ತವೆ: ಮನುಷ್ಯನಿಂದ ಮನುಷ್ಯ ಹುಟ್ಟುತ್ತಾನೆ, ಹುಟ್ಟಿಸುವವನ ರೂಪವೇ ಹುಟ್ಟುವವನದೂ, ಅದನ್ನು ತಲುಪುವುದೇ ಅವನ ಬೆಳವಣಿಗೆಯ ಗುರಿಯೂ. ಚಂದ್ರಗ್ರಹಣಕ್ಕಂತೂ ದ್ರವ್ಯವೇ ಇಲ್ಲ, ಅದಕ್ಕೊಳಗಾಗುವ ಚಂದ್ರನಿದ್ದಾನೆ ಅಷ್ಟೆ. ಅಡ್ಡ ಬರುವ ಭೂಮಿ ನಿಮಿತ್ತ, ಬೆಳಕು ತಪ್ಪುವುದು ರೂಪ. ಪ್ರಯೋಜನ? ಬಹುಶಃ ಇಲ್ಲ ಎಂದು ಅರಿಸ್ಟಾಟಲನೇ ‘ತತ್ತ್ವಮೀಮಾಂಸೆ’ಯ ಎಂಟನೇ ಪುಸ್ತಕದಲ್ಲಿ ಬರೆದಿದ್ದಾನೆ.

— ತತ್ತ್ವಶಾಸ್ತ್ರದ ಅಧ್ಯಾಪಕ, ಮೈಸೂರು